ಮೊತ್ತ ನೀವು ಒತ್ತಿದ್ದೋ, ಅವರು ಬರೆದು ಕಳಿಸಿದ್ದೋ?

ತರಕಾರಿ ಅಂಗಡಿಯಲ್ಲಿ ಗೋಡೆಗೆ ಅಂಟಿಸಿದ ಕೋಡ್ ಸ್ಕ್ಯಾನ್ ಮಾಡ್ತೀರಿ, 86 ಅಂತ ಒತ್ತುತ್ತೀರಿ, ಪಿನ್ ಹಾಕ್ತೀರಿ. ಸಂಜೆ ಮನೆಗೆ ಬಂದ ಮೇಲೆ ವಾಟ್ಸ್ಆ್ಯಪ್‌ನಲ್ಲಿ ಒಂದು ಲಿಂಕ್ ಬಂದಿರುತ್ತದೆ. ಒತ್ತಿದರೆ 1,485 ರೂಪಾಯಿ ಅಂತ ಆಗಲೇ ತುಂಬಿಕೊಂಡ ಪರದೆ ತೆರೆಯುತ್ತದೆ. ನೀವು ಮಾಡಬೇಕಾದದ್ದು ಪಿನ್ ಹಾಕೋದು ಮಾತ್ರ. ಎರಡೂ ಕಡೆ ದುಡ್ಡು ಹೋಗುವುದು ಒಂದೇ ಯುಪಿಐ ದಾರಿಯಲ್ಲಿ, ಒಂದೇ ಬ್ಯಾಂಕ್ ಖಾತೆಯಿಂದ. ಹಾಗಾದರೆ ವ್ಯತ್ಯಾಸ ಏನು? ಒಂದು ಅಂಕಿ ಒತ್ತುವ ಶ್ರಮ ಉಳಿಯಿತು ಅನ್ನೋದಷ್ಟೇನಾ?

ಅಷ್ಟೇ ಅಲ್ಲ. ತಪ್ಪು ಯಾವ ಕಡೆಯಿಂದ ಬರಬಹುದು, ಅದನ್ನು ಯಾರು ಗಮನಿಸಬೇಕು, ಬಂದ ದುಡ್ಡು ಯಾವ ಲೆಕ್ಕದ್ದು ಅಂತ ಹೇಗೆ ಗೊತ್ತಾಗುತ್ತದೆ, ಈ ಮೂರೂ ಬದಲಾಗುತ್ತವೆ. ನಾನು ಸಾಫ್ಟ್‌ವೇರ್ ಕೆಲಸದವನು. ಇಂಥ ಲಿಂಕ್‌ಗಳ ಒಳಗೆ ಏನಿದೆ ಅಂತ ಬಿಚ್ಚಿ ನೋಡಿದರೆ ವಿಷಯ ಬಹಳ ಸರಳ. ಬನ್ನಿ, ಬಿಚ್ಚೇ ನೋಡೋಣ.

ಚೌಕದೊಳಗಿನ ಒಂದು ಸಾಲು

ಕ್ಯೂಆರ್ ಕೋಡ್ ಅಂದರೆ ಕಪ್ಪು ಬಿಳುಪು ಚೌಕದಲ್ಲಿ ಬರೆದ ಒಂದು ಸಾಲು ಅಕ್ಷರ. ಅದರಲ್ಲಿ ದುಡ್ಡಿಲ್ಲ, ಬ್ಯಾಂಕ್ ಇಲ್ಲ, ಗುಟ್ಟೂ ಇಲ್ಲ. ಅಂಗಡಿಯ ಗೋಡೆ ಮೇಲಿನ ಕೋಡನ್ನು ಯುಪಿಐ ಆ್ಯಪ್ ಬದಲು ಯಾವುದಾದರೂ ಸಾಮಾನ್ಯ ಸ್ಕ್ಯಾನರ್‌ನಲ್ಲಿ ತೆರೆದರೆ ಹೆಚ್ಚುಕಡಿಮೆ ಹೀಗೆ ಕಾಣಿಸುತ್ತದೆ (ಇದು ಉದಾಹರಣೆಗೆ ಬರೆದದ್ದು, ನಿಜವಾದ ಖಾತೆಯದ್ದಲ್ಲ):

```
upi://pay?pa=tindi@examplebank&pn=Mane%20Tindi&cu=INR
```

`pa` ಅಂದರೆ ದುಡ್ಡು ಯಾರಿಗೆ ಸೇರಬೇಕೋ ಅವರ ಯುಪಿಐ ವಿಳಾಸ. `pn` ಅವರ ಹೆಸರು. `cu` ಅಂದರೆ ಯಾವ ನಾಣ್ಯ, ಇಲ್ಲಿ ರೂಪಾಯಿ. ಮೊತ್ತ ಎಲ್ಲೂ ಇಲ್ಲ. ಅದಕ್ಕೇ ಆ್ಯಪ್ ಖಾಲಿ ಪೆಟ್ಟಿಗೆ ತೋರಿಸಿ ‘ಎಷ್ಟು?’ ಅಂತ ನಿಮ್ಮನ್ನು ಕೇಳುತ್ತದೆ. ಇದೇ ಕೋಡನ್ನು ಸಾವಿರ ಜನ ಸಾವಿರ ಬೇರೆ ಬೇರೆ ಮೊತ್ತಕ್ಕೆ ಬಳಸಬಹುದು. ವರ್ಷಗಟ್ಟಲೆ ಗೋಡೆ ಮೇಲೆ ಇರಬಹುದು.

ಇನ್ನು ಮೊತ್ತ ತುಂಬಿಸಿ ಕಳಿಸಿದ ಲಿಂಕಿನ ಒಳಗೆ:

```
upi://pay?pa=tindi@examplebank&pn=Mane%20Tindi&am=1485.00&cu=INR&tr=GG0047&tn=Order%2047
```

ಮೂರು ಹೊಸ ತುಂಡು ಸೇರಿವೆ. `am` ಅಂದರೆ ಮೊತ್ತ. `tr` ಅಂದರೆ ಈ ವ್ಯವಹಾರದ ಗುರುತು ಸಂಖ್ಯೆ, ಅಂಗಡಿಯ ಬಿಲ್ ನಂಬರ್ ಇದ್ದಹಾಗೆ. `tn` ಅಂದರೆ ಜೊತೆಗೆ ಹೋಗುವ ಚಿಕ್ಕ ಟಿಪ್ಪಣಿ. ಯುಪಿಐ ನಡೆಸುವ ಎನ್‌ಪಿಸಿಐ ರೂಪಿಸಿದ ನಿಯಮದ ಪ್ರಕಾರ `am` ಇದ್ದರೆ ಆ್ಯಪ್ ಆ ಮೊತ್ತವನ್ನು ಬೀಗ ಹಾಕಿ ತೋರಿಸಬೇಕು, ಕಟ್ಟುವವರು ಅದನ್ನು ತಿದ್ದುವಂತಿಲ್ಲ. ಕನಿಷ್ಠ ಇಷ್ಟು ಕಟ್ಟಿದರೆ ಸಾಕು ಅಂತ `mam` ಎಂಬ ಇನ್ನೊಂದು ತುಂಡು ಸೇರಿಸಿದ್ದರೆ ಮಾತ್ರ ಮೊತ್ತ ಬದಲಿಸಬಹುದು.

ಈ ಸಾಲನ್ನು ಒತ್ತುವ ಲಿಂಕಾಗಿ ಕಳಿಸಿದರೂ ಅದೇ, ಚೌಕವಾಗಿ ಮಾಡಿ ತೋರಿಸಿದರೂ ಅದೇ. ಪೆಟ್ರೋಲ್ ಬಂಕಿನ ಯಂತ್ರದ ಪರದೆಯಲ್ಲಿ ಪ್ರತಿ ಸಲ ಹೊಸದಾಗಿ ಮೂಡುವ ಕೋಡ್ ಇದೇ ಜಾತಿಯದ್ದು. ಆದ್ದರಿಂದ ಈ ಲೇಖನದ ವ್ಯತ್ಯಾಸ ‘ಲಿಂಕ್ ವರ್ಸಸ್ ಕೋಡ್’ ಅಲ್ಲ. ಮೊತ್ತ ಮೊದಲೇ ಬರೆದಿದೆಯೋ, ನೀವು ಬರೆಯಬೇಕೋ ಅನ್ನೋದು.

ಪಿನ್ ಪರದೆಯಿಂದ ಮುಂದೆ ಎರಡೂ ಒಂದೇ

ಒಂದು ವಿಷಯ ಮೊದಲೇ ಸ್ಪಷ್ಟ ಮಾಡಿಕೊಳ್ಳೋಣ. ಲಿಂಕ್ ಒತ್ತಿದ ತಕ್ಷಣ ದುಡ್ಡು ಹೋಗುವುದಿಲ್ಲ. ಲಿಂಕ್ ಮಾಡುವ ಕೆಲಸ ಅರ್ಜಿ ಫಾರಂ ತುಂಬಿಕೊಡುವುದಷ್ಟೇ, ಸಹಿ ಹಾಕಬೇಕಾದವರು ನೀವೇ. ಆ ಸಹಿಯೇ ಪಿನ್.

ಪಿನ್ ಕೇಳುವ ಪುಟವನ್ನು ಗಮನಿಸಿದ್ದೀರಾ? ನೀವು ಯಾವ ಆ್ಯಪ್ ಬಳಸಿದರೂ ಆ ಪುಟ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಯಾಕೆಂದರೆ ಅದು ಆ್ಯಪ್ ಕಂಪನಿಯದ್ದಲ್ಲ, ಎನ್‌ಪಿಸಿಐ ಎಲ್ಲ ಆ್ಯಪ್‌ಗಳಿಗೂ ಕೊಟ್ಟಿರುವ ಸಾಮಾನ್ಯ ಭಾಗ. ಅದರ ಮೇಲ್ಭಾಗದಲ್ಲಿ ಯಾರಿಗೆ, ಎಷ್ಟು ಅನ್ನೋದು ಮತ್ತೊಮ್ಮೆ ಕಾಣಿಸುತ್ತದೆ. ನೀವೇ ಒತ್ತಿದ ಮೊತ್ತವಾಗಲಿ, ಅವರು ತುಂಬಿಸಿದ್ದಾಗಲಿ, ಇಲ್ಲಿಗೆ ಬರುವ ಹೊತ್ತಿಗೆ ವ್ಯತ್ಯಾಸ ಅಳಿಸಿಹೋಗಿರುತ್ತದೆ. ಇಲ್ಲಿಂದ ಮುಂದೆ ನಿಮ್ಮ ಬ್ಯಾಂಕ್ ದುಡ್ಡು ಕಳೆಯುತ್ತದೆ, ಅವರ ಬ್ಯಾಂಕ್ ಸೇರಿಸುತ್ತದೆ, 12 ಅಂಕಿಗಳ ವ್ಯವಹಾರ ಸಂಖ್ಯೆ ಹುಟ್ಟುತ್ತದೆ. ಒಮ್ಮೆ ಯಶಸ್ವಿ ಆದಮೇಲೆ ಕಳಿಸಿದವರು ಗುಂಡಿ ಒತ್ತಿ ವಾಪಸ್ ಪಡೆಯುವ ವ್ಯವಸ್ಥೆ ಇಲ್ಲ. ಪಡೆದವರು ಹಿಂದಿರುಗಿಸಬೇಕು.

ವ್ಯತ್ಯಾಸ ಇರುವುದು ಪಿನ್ ಪುಟಕ್ಕೆ ಮುಂಚಿನ ಹೆಜ್ಜೆಗಳಲ್ಲಿ, ಮತ್ತು ದುಡ್ಡು ಸೇರಿದ ಮೇಲೆ ಪಡೆದವರ ಲೆಕ್ಕದ ಪುಸ್ತಕದಲ್ಲಿ. ಅದನ್ನು ನೋಡಲಿಕ್ಕೆ ಒಂದು ನಿಜವಾದ ಲೆಕ್ಕ ತಗೊಳ್ಳೋಣ.

ಹಾಸನದ ಚಕ್ಕುಲಿ ಲೆಕ್ಕ

ನಮ್ಮತ್ತಿಗೆ ಹಾಸನದಲ್ಲಿ ಮನೆಯಲ್ಲೇ ತಿಂಡಿ ಮಾಡಿ ಮಾರುತ್ತಾರೆ. ಗೌರಿ ಗಣೇಶ ಹಬ್ಬದ ಹೊತ್ತಿಗೆ ಆರ್ಡರ್ ಜೋರು. ಹೆಚ್ಚಿನವು ಬೆಂಗಳೂರಿನಿಂದ, ವಾಟ್ಸ್ಆ್ಯಪ್ ಗುಂಪುಗಳ ಮೂಲಕ. ಹಬ್ಬದ ಒಂದು ಕಟ್ಟು ಹೀಗೆ: ಒಂದು ಕೆಜಿ ಚಕ್ಕುಲಿ 520, ಅರ್ಧ ಕೆಜಿ ಕೋಡುಬಳೆ 240, ಒಂದು ಕೆಜಿ ರವೆ ಉಂಡೆ 560, ಕೊರಿಯರ್ 165. ಒಟ್ಟು 1,485 ರೂಪಾಯಿ. ಅವರು ಮಾಡುತ್ತಿದ್ದದ್ದು, ಗೋಡೆ ಕೋಡಿನ ಫೋಟೊ ಕಳಿಸಿ ‘1485 ಹಾಕಿ’ ಅಂತ ಕೆಳಗೆ ಬರೆಯುವುದು.

ಒಂದು ದಿನ ಫೋನ್ ಮಾಡಿದರು. “ನೋಡೋ, ಇವತ್ತು ಹದಿನಾಲ್ಕು ಜನ ದುಡ್ಡು ಹಾಕಿದಾರೆ. ಹನ್ನೊಂದು ಜನದ್ದು 1485. ಒಬ್ರದ್ದು 1458. ಇನ್ನೊಬ್ರದ್ದು 14850 ಬಂದಿದೆ ಕಣೋ! ಮತ್ತೊಬ್ರದ್ದು 1320, ಕೊರಿಯರ್ ಮರೆತಿರಬೇಕು. ಇದರಲ್ಲಿ ಯಾರ್ದು ಯಾವುದು ಅಂತ ನಂಗೆ ಹೇಗೆ ಗೊತ್ತಾಗ್ಬೇಕು?”

“ಹೆಸರು ಬಂದಿರತ್ತಲ್ಲ ಅತ್ತಿಗೆ.”

“ಹೆಸರು ಬಂದಿದೆ. ಆರ್ಡರ್ ಹಾಕಿದ್ದು ಹೆಂಡ್ತಿ, ದುಡ್ಡು ಹಾಕಿದ್ದು ಗಂಡ. ಇನ್ನೊಂದ್ಕಡೆ ಆರ್ಡರ್ ಅಮ್ಮಂದು, ದುಡ್ಡು ಮಗಂದು. ಮಗ ಯಾರು ಅಂತ ನಂಗೇನು ಗೊತ್ತು?”

ಈ ಮಾತಿನಲ್ಲೇ ಖಾಲಿ ಪೆಟ್ಟಿಗೆಯ ಎರಡು ಸಮಸ್ಯೆಗಳಿವೆ. ಮೊದಲನೆಯದು ಬೆರಳಿನದ್ದು. 1485 ಬದಲು 1458 ಅಂದರೆ ಅಂಕಿ ಅದಲುಬದಲು, 27 ರೂಪಾಯಿ ಕಮ್ಮಿ. 14850 ಅಂದರೆ ಕೊನೆಯಲ್ಲಿ ಒಂದು ಸೊನ್ನೆ ಜಾಸ್ತಿ, 13,365 ರೂಪಾಯಿ ಹೆಚ್ಚು. ಯುಪಿಐಯಲ್ಲಿ ಸಾಮಾನ್ಯ ವ್ಯವಹಾರಕ್ಕೆ ಒಂದು ಲಕ್ಷದವರೆಗೆ ಅವಕಾಶ ಇರುವುದರಿಂದ ಇದನ್ನು ಯಾವ ಬ್ಯಾಂಕೂ ತಡೆಯುವುದಿಲ್ಲ. ಕೋಡಿಗೆ ಸರಿಯಾದ ಮೊತ್ತ ಎಷ್ಟು ಅಂತ ಗೊತ್ತೇ ಇಲ್ಲದ ಮೇಲೆ ತಪ್ಪು ಅಂತ ಹೇಳುವವರು ಯಾರು? ಅತ್ತಿಗೆ ಅವತ್ತೇ 13,365 ವಾಪಸ್ ಹಾಕಿದರು. ಹಾಕದೆ ಸುಮ್ಮನಿರುವವರೂ ಇರುತ್ತಾರೆ.

ಎರಡನೆಯದು ಗುರುತಿನದ್ದು. ಒಂದೇ ಮೊತ್ತದ ಹನ್ನೊಂದು ಪಾವತಿಗಳಲ್ಲಿ ಯಾವುದು ಯಾವ ಆರ್ಡರ್‌ದು ಅಂತ ಹೇಳುವ ಮಾಹಿತಿ ಗೋಡೆ ಕೋಡಿನಲ್ಲಿ ಇಲ್ಲ. ಅದಕ್ಕೇ ಎಲ್ಲರೂ ‘ಸ್ಕ್ರೀನ್‌ಶಾಟ್ ಕಳಿಸಿ’ ಅನ್ನೋದು. ಸ್ಕ್ರೀನ್‌ಶಾಟ್ ಎಂಬುದು ಕೋಡ್ ಹೊತ್ತು ತರಲಾಗದ ಮಾಹಿತಿಯನ್ನು ಮನುಷ್ಯರ ಕೈಯಲ್ಲಿ ಹೊರಿಸುವ ಉಪಾಯ. ಅದು ಬರೀ ಚಿತ್ರ, ತಿದ್ದಿದ್ದರೂ ಗೊತ್ತಾಗುವುದಿಲ್ಲ. ಎದುರಿಗೆ ನಿಂತ ಗಿರಾಕಿಯ ವಿಷಯದಲ್ಲಿ ಅಂಗಡಿಯವರಿಗೆ ಇದೇ ಕೆಲಸವನ್ನು ಸೌಂಡ್ ಬಾಕ್ಸ್ ಮಾಡಿಕೊಡುತ್ತದೆ. ‘ಎಂಬತ್ತಾರು ರೂಪಾಯಿ ಸ್ವೀಕರಿಸಲಾಗಿದೆ’ ಅಂತ ಕೂಗಿದಾಗ ಅಂಗಡಿಯವರು ನಿಮ್ಮ ಮುಖ ನೋಡಿ ಲೆಕ್ಕ ಮುಗಿಸುತ್ತಾರೆ. ಹಾಸನದ ಮನೆಯಲ್ಲಿ ಆ ಮುಖ ಇಲ್ಲ.

ಮೊತ್ತ ತುಂಬಿಸಿದಾಗ ಏನಾಯಿತು

ಮುಂದಿನ ಸಲ ನಾವು ಪ್ರತಿ ಆರ್ಡರಿಗೂ ಬೇರೆ ಬೇರೆ ಕೋಡ್ ಮಾಡಿದೆವು. `am` ಜಾಗದಲ್ಲಿ ಆ ಆರ್ಡರಿನ ಮೊತ್ತ, `tn` ಜಾಗದಲ್ಲಿ ಆರ್ಡರ್ ಸಂಖ್ಯೆ. ಮೊತ್ತ ನಮೂದಿಸಿ ಕೋಡ್ ಮಾಡುವ ಸೌಲಭ್ಯ ಹಲವು ಯುಪಿಐ ಆ್ಯಪ್‌ಗಳಲ್ಲೇ ಇದೆ. ಪರಿಣಾಮ ಅವತ್ತೇ ಕಾಣಿಸಿತು. 1458 ಬರಲಿಲ್ಲ, 14850 ಬರಲಿಲ್ಲ, ಕೊರಿಯರ್ ಮರೆಯುವವರೂ ಇರಲಿಲ್ಲ. ಬಂದ ದುಡ್ಡಿನ ವಿವರ ತೆರೆದರೆ ‘Order 47’ ಅನ್ನುವ ಟಿಪ್ಪಣಿ ಜೊತೆಗೇ ಇತ್ತು. ಗಂಡ ಹಾಕಿದರೂ ಸರಿ, ಮಗ ಹಾಕಿದರೂ ಸರಿ, 47ನೇ ಆರ್ಡರ್ ಅಷ್ಟೇ.

ಇಲ್ಲೊಂದು ಸೂಕ್ಷ್ಮ ಇದೆ. `tr` ಎಂಬ ಗುರುತು ಸಂಖ್ಯೆ ಮುಖ್ಯವಾಗಿ ವ್ಯಾಪಾರಿಗಳ ಕಂಪ್ಯೂಟರ್ ವ್ಯವಸ್ಥೆಗಾಗಿ ಇರುವುದು. ಮನೆ ಮಟ್ಟದ ಖಾತೆಯಲ್ಲಿ ಕಣ್ಣಿಗೆ ಬೀಳುವುದು ಸಾಮಾನ್ಯವಾಗಿ `tn` ಟಿಪ್ಪಣಿಯೇ. ಹಾಗಾಗಿ ಆರ್ಡರ್ ಸಂಖ್ಯೆಯನ್ನು ಅಲ್ಲೂ ಬರೆಯುವುದು ಒಳ್ಳೆಯದು.

ಆದರೆ ಎಲ್ಲ ಸುಸೂತ್ರ ಅಂದುಕೊಳ್ಳಬೇಡಿ. `upi://` ಅಂತ ಶುರುವಾಗುವ ಸಾಲನ್ನು ವಾಟ್ಸ್ಆ್ಯಪ್‌ನಲ್ಲಿ ಹಾಗೇ ಅಂಟಿಸಿದರೆ ಅದು ಒತ್ತಬಹುದಾದ ನೀಲಿ ಲಿಂಕ್ ಆಗುವುದಿಲ್ಲ, ಬರೀ ಅಕ್ಷರವಾಗಿ ಉಳಿಯುತ್ತದೆ. ಇನ್ನು ಬೇರೆ ದಾರಿಯಿಂದ ಒತ್ತುವಂತೆ ಮಾಡಿದರೂ, ವ್ಯಾಪಾರಿ ಅಂತ ನೋಂದಣಿ ಆಗದ ಮಾಮೂಲಿ ವಿಳಾಸಕ್ಕೆ ಲಿಂಕ್ ಮೂಲಕ ಬರುವ ಪಾವತಿಯನ್ನು ಕೆಲವು ಆ್ಯಪ್‌ಗಳು ಸುರಕ್ಷತೆಯ ಕಾರಣಕ್ಕೆ ನಿರಾಕರಿಸುತ್ತವೆ. ಹಾಗಾಗಿ ನಾವು ಕೋಡಿನ ಚಿತ್ರವನ್ನೇ ಕಳಿಸಿದೆವು. ಅದನ್ನು ಗ್ಯಾಲರಿಯಿಂದ ತೆರೆದು ಕಟ್ಟುವಾಗಲೂ 2,000 ರೂಪಾಯಿ ಮೀರಿದರೆ ಹಲವು ಆ್ಯಪ್‌ಗಳು ಒಪ್ಪುವುದಿಲ್ಲ. 1,485ಕ್ಕೆ ತೊಂದರೆ ಆಗಲಿಲ್ಲ, ಎರಡು ಕಟ್ಟು ಒಟ್ಟಿಗೆ ತಗೊಂಡವರಿಗೆ ಆಯಿತು. ಅವರು ಚಿತ್ರವನ್ನು ಇನ್ನೊಂದು ಫೋನಿನಲ್ಲಿ ತೆರೆದು ಕ್ಯಾಮೆರಾದಿಂದ ಸ್ಕ್ಯಾನ್ ಮಾಡಿದರು.

ಬೀಗ ಮೊತ್ತಕ್ಕೆ, ಸಂಖ್ಯೆಗಲ್ಲ

ಈಗ ಹೆಚ್ಚಿನವರು ಗಮನಿಸದ ವಿಷಯ. ಮೇಲಿನ ಲಿಂಕಿಗೆ ನೆನಪು ಇಲ್ಲ.

47ನೇ ಆರ್ಡರಿನವರು ದುಡ್ಡು ಹಾಕಿದರು ಅಂದುಕೊಳ್ಳಿ. ನೆಟ್‌ವರ್ಕ್ ನಿಧಾನ, ‘ಪೆಂಡಿಂಗ್’ ಅಂತ ಬಂತು. ಆಗಲಿಲ್ಲವೇನೋ ಅಂತ ಅದೇ ಕೋಡನ್ನು ಮತ್ತೆ ಬಳಸಿದರೆ? ಅದು ಮತ್ತೆ 1,485 ಅಂತ ತುಂಬಿಕೊಂಡು ತೆರೆಯುತ್ತದೆ. ಎರಡೂ ಪಾವತಿ ಯಶಸ್ವಿಯಾದರೆ 2,970 ಹೋಯಿತು. ‘ಈ ಆರ್ಡರ್ ಆಗಲೇ ಕಟ್ಟಿಯಾಗಿದೆ’ ಅನ್ನೋದು ಆ ಸಾಲಿಗೆ ಗೊತ್ತಾಗಲು ಸಾಧ್ಯವೇ ಇಲ್ಲ. ಅದು ಬರೆದಿಟ್ಟ ಚೀಟಿ ಮಾತ್ರ. ಚೀಟಿಯನ್ನು ಇನ್ನೊಬ್ಬರಿಗೆ ಫಾರ್ವರ್ಡ್ ಮಾಡಿದರೆ ಅವರೂ ಕಟ್ಟಬಹುದು, ಮುಂದಿನ ವರ್ಷ ತೆರೆದರೂ ಅದೇ ಮೊತ್ತ ತೋರಿಸಬಹುದು.

ಇದಕ್ಕೆ ಪರಿಹಾರ ಇರುವುದು ಇನ್ನೊಂದು ಬಗೆಯ ಲಿಂಕ್‌ನಲ್ಲಿ. ಪೇಮೆಂಟ್ ಗೇಟ್‌ವೇ ಕಂಪನಿಗಳು ಕೊಡುವ ಪೇಮೆಂಟ್ ಲಿಂಕ್ `https://` ಅಂತ ಶುರುವಾಗುತ್ತದೆ. ಅದನ್ನು ಒತ್ತಿದರೆ ಮೊದಲು ಒಂದು ವೆಬ್ ಪುಟ ತೆರೆಯುತ್ತದೆ. ಆ ಪುಟದ ಹಿಂದೆ ಒಂದು ಸರ್ವರ್ ಇದೆ, ಅದರಲ್ಲಿ ಈ ಆರ್ಡರಿಗೊಂದು ದಾಖಲೆ ಇದೆ: ಇನ್ನೂ ಕಟ್ಟಿಲ್ಲ, ಕಟ್ಟಿಯಾಗಿದೆ, ಅವಧಿ ಮುಗಿದಿದೆ, ರದ್ದಾಗಿದೆ. ನೀವು ಯುಪಿಐ ಆರಿಸಿದರೆ ಫೋನಿನಲ್ಲಿ ಆ ಪುಟ ಒಳಗಿಂದ ನಾವು ಮೇಲೆ ನೋಡಿದ `upi://pay` ಸಾಲನ್ನೇ ಕಟ್ಟಿ ಆ್ಯಪ್ ತೆರೆಸುತ್ತದೆ. ಕಂಪ್ಯೂಟರಿನಲ್ಲಾದರೆ ಅದನ್ನೇ ಕೋಡಾಗಿ ತೋರಿಸುತ್ತದೆ. ದುಡ್ಡು ಸೇರಿದ ಸುದ್ದಿ ಬ್ಯಾಂಕಿನ ಕಡೆಯಿಂದ ಸರ್ವರಿಗೆ ಬಂದ ಮೇಲೆ ದಾಖಲೆ ‘ಕಟ್ಟಿಯಾಗಿದೆ’ ಅಂತ ಬದಲಾಗುತ್ತದೆ. ಆಮೇಲೆ ಅದೇ ಲಿಂಕ್ ಒತ್ತಿದರೆ ಮತ್ತೆ ಕಟ್ಟಲು ಬಿಡುವುದಿಲ್ಲ.

ನೋಡಲು ಎರಡೂ ‘ಮೊತ್ತ ತುಂಬಿದ ಲಿಂಕ್’ಗಳೇ. ಆದರೆ ಒಂದಕ್ಕೆ ಹಿಂದೆ ಲೆಕ್ಕ ಬರೆಯುವವರಿದ್ದಾರೆ, ಇನ್ನೊಂದಕ್ಕಿಲ್ಲ. ಪ್ರತಿಯಾಗಿ ಗೇಟ್‌ವೇ ಬಳಸಲು ಪ್ಯಾನ್, ಬ್ಯಾಂಕ್ ವಿವರ ಕೊಟ್ಟು ವ್ಯಾಪಾರಿಯಾಗಿ ನೋಂದಾಯಿಸಬೇಕು, ಕಂಪನಿ ತನ್ನ ಸೇವೆಗೆ ಶುಲ್ಕ ಕೇಳಬಹುದು, ದುಡ್ಡು ಖಾತೆಗೆ ಬರಲು ಒಂದೆರಡು ದಿನ ಹಿಡಿಯಬಹುದು. ತಿಂಗಳಿಗೆ ಹತ್ತು ಆರ್ಡರ್ ಇರುವವರಿಗೆ ಇದು ಬೇಕಿಲ್ಲ. ಹಬ್ಬದ ವಾರದಲ್ಲಿ ಇನ್ನೂರು ಆರ್ಡರ್ ಇದ್ದರೆ ಯೋಚಿಸಬೇಕು.

ನೆನಪಿಲ್ಲದ ಲಿಂಕ್ ಬಳಸುವಾಗ ನಿಮ್ಮ ಪಾಲಿನ ಎಚ್ಚರಿಕೆ ಒಂದೇ. ‘ಪೆಂಡಿಂಗ್’ ಅಂತ ಬಂದರೆ ಮತ್ತೆ ಒತ್ತಬೇಡಿ. ಆ್ಯಪ್‌ನ ಹಿಸ್ಟರಿಯಲ್ಲಿ ಅದು ಯಶಸ್ವಿಯೋ ವಿಫಲವೋ ಅಂತ ತೀರ್ಮಾನ ಆಗುವವರೆಗೆ ಕಾಯಿರಿ.

ಒತ್ತುವುದು ಹೋಗಿ ಓದುವುದು ಬಂತು

ಖಾಲಿ ಪೆಟ್ಟಿಗೆಗೆ ಒಂದು ಗುಣವಿದೆ. ಮೊತ್ತ ಒತ್ತುವಾಗ ನೀವು ಅದರ ಬಗ್ಗೆ ಒಂದು ಕ್ಷಣ ಯೋಚಿಸಲೇಬೇಕು. ಹೋಟೆಲಿನವರು 240 ಅಂದರೆ ‘ಎರಡು ದೋಸೆಗೆ ಇಷ್ಟಾ?’ ಅಂತ ತಲೆಗೆ ಬರುವುದು ಒತ್ತುವಾಗಲೇ. ಮೊತ್ತ ತುಂಬಿ ಬಂದಾಗ ಆ ಕ್ಷಣ ಇರುವುದಿಲ್ಲ. ಬೆರಳಿನ ತಪ್ಪು ಹೋಯಿತು, ಅದರ ಜಾಗಕ್ಕೆ ಓದದೆ ಪಿನ್ ಹಾಕುವ ತಪ್ಪು ಬಂತು. ಅತ್ತಿಗೆ ಆರ್ಡರ್ 47ರ ಬದಲು 74ರ ಮೊತ್ತ ತುಂಬಿಸಿ ಕಳಿಸಿದ್ದರೆ ಹಿಡಿಯಬೇಕಾದವರು ಗಿರಾಕಿಯೇ.

ವಂಚಕರು ಬಳಸಿಕೊಳ್ಳುವುದೂ ಇದನ್ನೇ. `am=1485.00` ಅಂತ ಬರೆಯಲು ಯಾರ ಅನುಮತಿಯೂ ಬೇಕಿಲ್ಲ. ನಾನೂ ಬರೆಯಬಹುದು, ನೀವೂ ಬರೆಯಬಹುದು. ಮೊತ್ತ ಪೈಸೆ ಸಮೇತ ನಿಖರವಾಗಿ ಬಂದಿದೆ ಅಂದ ಮಾತ್ರಕ್ಕೆ ಅದು ನಿಜವಾದ ಬಿಲ್ ಅಂತ ಅರ್ಥವಲ್ಲ. ‘ನಿಮ್ಮ ಕರೆಂಟ್ ಬಿಲ್ ಬಾಕಿ 1,062.00, ಇವತ್ತೇ ಕಟ್ಟದಿದ್ದರೆ ಸಂಪರ್ಕ ಕಡಿತ’ ಎಂಬ ಸಂದೇಶದ ಲಿಂಕ್ ನಂಬುವಂತೆ ಕಾಣುವುದು ಆ ಅಂಕಿಯಿಂದಲೇ. ಬಿಲ್ ಸರಿಯೇ ಅಂತ ನೋಡಬೇಕಾದದ್ದು ಆ ಲಿಂಕಿನಲ್ಲಲ್ಲ, ವಿದ್ಯುತ್ ಕಂಪನಿಯ ಆ್ಯಪ್‌ನಲ್ಲಿ ನಿಮ್ಮ ಖಾತೆ ಸಂಖ್ಯೆ ಹಾಕಿ. ದೊಡ್ಡ ವ್ಯಾಪಾರಿಗಳ ಲಿಂಕ್‌ಗಳಿಗೆ `sign` ಎಂಬ ಡಿಜಿಟಲ್ ಸಹಿ ಸೇರಿಸುವ ವ್ಯವಸ್ಥೆ ಇದೆ. ದಾರಿಯಲ್ಲಿ ಯಾರಾದರೂ ಮೊತ್ತ ಅಥವಾ ವಿಳಾಸ ತಿದ್ದಿದರೆ ಸಹಿ ತಾಳೆ ಆಗುವುದಿಲ್ಲ. ಮನೆಯಲ್ಲಿ ಮಾಡಿದ ಕೋಡಿಗೆ ಅದು ಇರುವುದಿಲ್ಲ.

ಹೆಸರಿನ ವಿಷಯವೂ ಹೀಗೇ. `pn` ಜಾಗದಲ್ಲಿ ಬೇಕಾದ ಹೆಸರು ಬರೆಯಬಹುದು. ಇದನ್ನು ತಡೆಯಲೆಂದೇ ಎನ್‌ಪಿಸಿಐ 2025ರಲ್ಲಿ ಒಂದು ಸೂಚನೆ ಹೊರಡಿಸಿತು. ಕೋಡಿನಲ್ಲಿ ಬರೆದ ಹೆಸರನ್ನಾಗಲಿ, ನೀವು ಫೋನಿನಲ್ಲಿ ಸೇವ್ ಮಾಡಿದ ಹೆಸರನ್ನಾಗಲಿ ತೋರಿಸದೆ, ಬ್ಯಾಂಕಿನ ದಾಖಲೆಯಲ್ಲಿರುವ ಹೆಸರನ್ನೇ ಪಾವತಿಗೆ ಮುಂಚೆ ತೋರಿಸಬೇಕು ಅಂತ. ಆ್ಯಪ್‌ಗಳಿಗೆ ಕೊಟ್ಟ ಗಡುವು 2025ರ ಜೂನ್ 30. ಅಂದರೆ ಲಿಂಕ್‌ನಲ್ಲಿ ‘ವಿದ್ಯುತ್ ಬಿಲ್’ ಅಂತಿದ್ದು, ಕಟ್ಟುವ ಪರದೆಯಲ್ಲಿ ಯಾರೋ ವ್ಯಕ್ತಿಯ ಹೆಸರು ಬಂದರೆ ಅಲ್ಲಿಗೇ ನಿಲ್ಲಿಸಿ. ಅಂಗಡಿಯ ಗೋಡೆ ಕೋಡಿನ ಮೇಲೆ ಬೇರೆಯವರು ತಮ್ಮ ಕೋಡ್ ಅಂಟಿಸಿ ಹೋಗಿದ್ದರೂ ಸಿಕ್ಕಿಬೀಳುವುದು ಇದೇ ಹೆಸರಿನಿಂದ. “ಹೆಸರು ಇಂಥದ್ದು ಬರ್ತಿದೆ, ನಿಮ್ದೇನಾ ಅಣ್ಣಾ?” ಅಂತ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಮಾರುವವರಿಗೂ ಒಂದು ಮಾತು. ಲಿಂಕಿನ ಮೊತ್ತಕ್ಕೆ ಬೀಗ ಇರುವುದು ಆ್ಯಪ್‌ನ ಪರದೆಯಲ್ಲಿ. ಸಾಲನ್ನೇ ಕಾಪಿ ಮಾಡಿ `1485.00` ಇದ್ದಲ್ಲಿ `1.00` ಅಂತ ಬದಲಿಸಿ ಹೊಸ ಕೋಡ್ ಮಾಡಿದರೆ, ‘Order 47’ ಟಿಪ್ಪಣಿಯೊಂದಿಗೇ ಒಂದು ರೂಪಾಯಿ ಬಂದು ಬೀಳುತ್ತದೆ. ಟಿಪ್ಪಣಿ ಬಂತು ಅಂತ ಡಬ್ಬಿ ಕಟ್ಟಬೇಡಿ, ಮೊತ್ತ ಎಷ್ಟು ಸೇರಿತು ಅಂತ ನಿಮ್ಮ ಖಾತೆಯಲ್ಲಿ ನೋಡಿ ಕಟ್ಟಿ. ವೆಬ್‌ಸೈಟ್ ಬರೆಯುವ ನನ್ನಂಥವರಿಗೂ ಇದೇ ಪಾಠ. ಗಿರಾಕಿಯ ಫೋನ್ ‘SUCCESS’ ಅಂತ ಹೇಳಿದರೆ ಸಾಲದು, ಬ್ಯಾಂಕಿನ ಕಡೆಯಿಂದ ಸರ್ವರಿಗೆ ಬಂದ ಉತ್ತರದಲ್ಲಿ ಮೊತ್ತ ತಾಳೆ ಆಗಬೇಕು.

ಇನ್ನೊಂದು ಜಾತಿ: ದುಡ್ಡು ಕೇಳುವ ಕೋರಿಕೆ

ಲಿಂಕ್ ಜೊತೆ ಹಲವರು ಗೊಂದಲ ಮಾಡಿಕೊಳ್ಳುವ ಮೂರನೆಯ ವಿಧಾನ ಒಂದಿದೆ. ‘ಕಲೆಕ್ಟ್ ರಿಕ್ವೆಸ್ಟ್’. ಇದರಲ್ಲಿ ಚೀಟಿ ನಿಮ್ಮ ಕೈಗೆ ಬರುವುದಿಲ್ಲ. ಕೇಳುವವರು ನಿಮ್ಮ ಯುಪಿಐ ವಿಳಾಸ ಹಾಕಿ ಮೊತ್ತ ಬರೆಯುತ್ತಾರೆ, ಕೋರಿಕೆ ಯುಪಿಐ ಜಾಲದ ಮೂಲಕವೇ ಬಂದು ನಿಮ್ಮ ಆ್ಯಪ್‌ನಲ್ಲಿ ನೋಟಿಫಿಕೇಶನ್ ಆಗಿ ಕೂರುತ್ತದೆ. ‘ನಿಮಗೆ ರೀಫಂಡ್ ಬಂದಿದೆ, ಒಪ್ಪಿಕೊಳ್ಳಲು ಪಿನ್ ಹಾಕಿ’ ಅಂತ ನಂಬಿಸಿ ದುಡ್ಡು ಎಳೆಯಲು ಇದನ್ನು ಬಹಳ ಬಳಸಿಕೊಂಡರು. ಅದಕ್ಕೇ ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸುವ ಈ ಕೋರಿಕೆಯನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲು ಎನ್‌ಪಿಸಿಐ ಆದೇಶಿಸಿತು.

ಕೋರಿಕೆ ನಿಂತರೂ ಆ ಉಪಾಯ ಸಾಯಲಿಲ್ಲ, ಮೊತ್ತ ತುಂಬಿದ ಕೋಡಿನ ರೂಪದಲ್ಲಿ ಬರಬಹುದು. ‘4,999 ನಿಮ್ಮ ಖಾತೆಗೆ ಬರಲು ಈ ಕೋಡ್ ಸ್ಕ್ಯಾನ್ ಮಾಡಿ’ ಅಂತ ಕಳಿಸುತ್ತಾರೆ. ಸ್ಕ್ಯಾನ್ ಮಾಡಿದರೆ 4,999 ಅಂತ ನಿಜವಾಗಿಯೂ ಕಾಣಿಸುತ್ತದೆ, ಅದಕ್ಕೇ ಜನ ನಂಬುತ್ತಾರೆ. ಆದರೆ ಸಾಲಿನ ಮೊದಲ ಪದ ನೋಡಿ: `pay`. ಅದು ಕೊಡುವ ಚೀಟಿ. ದುಡ್ಡು ಪಡೆಯಲು ಸ್ಕ್ಯಾನ್ ಬೇಕಿಲ್ಲ, ಪಿನ್ ಅಂತೂ ಬೇಕೇ ಇಲ್ಲ. ಒಂದು ವೇಳೆ ಮೋಸ ಆಗಿಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಆ 12 ಅಂಕಿಗಳ ಸಂಖ್ಯೆ ಕೈಯಲ್ಲಿರಲಿ, ಅದನ್ನೇ ಮೊದಲು ಕೇಳುತ್ತಾರೆ.

ಯಾವಾಗ ಯಾವುದು

ಟೀ ಅಂಗಡಿ, ತರಕಾರಿ ಗಾಡಿ, ಆಟೊ ಇಲ್ಲೆಲ್ಲ ಗೋಡೆ ಕೋಡೇ ಸರಿ. ಬೆಲೆ ಬಾಯಲ್ಲಿ ತೀರ್ಮಾನ ಆಗುತ್ತದೆ, ಇಬ್ಬರೂ ಎದುರುಬದುರು ಇದ್ದಾರೆ, ಹತ್ತು ರೂಪಾಯಿ ಟೀಗೆ ಪ್ರತಿ ಸಲ ಹೊಸ ಕೋಡ್ ಮಾಡುತ್ತಾ ಕೂರಲು ಯಾರಿಗೂ ಪುರುಸೊತ್ತಿಲ್ಲ. ಒತ್ತಿದ ಮೊತ್ತವನ್ನು ಪಿನ್ ಪುಟದಲ್ಲಿ ಇನ್ನೊಮ್ಮೆ ನೋಡಿದರೆ ಸಾಕು.

ಕಟ್ಟುವವರು ದೂರದಲ್ಲಿದ್ದು, ಮೊತ್ತ ಬಿಡಿ ಬಿಡಿ ಅಂಕಿಯದ್ದಾಗಿದ್ದು, ಹಲವರಿಂದ ಬರಬೇಕಾಗಿದ್ದರೆ ಮೊತ್ತ ತುಂಬಿದ್ದನ್ನೇ ಕಳಿಸಿ. ಅಪಾರ್ಟ್‌ಮೆಂಟಿನ ತಿಂಗಳ ನಿರ್ವಹಣೆ, ಪ್ರವಾಸದ ಖರ್ಚಿನ ಪಾಲು, ಸಂಗೀತ ಪಾಠದ ಫೀಸು ಇಂಥವಕ್ಕೆಲ್ಲ ಇದು ಹೊಂದುತ್ತದೆ. ಟಿಪ್ಪಣಿಯಲ್ಲಿ ಫ್ಲ್ಯಾಟ್ ನಂಬರೋ ಆರ್ಡರ್ ನಂಬರೋ ಇರಲಿ. ಒಂದೇ ಸಲ ಕಟ್ಟಬೇಕು, ಗಡುವು ಇರಬೇಕು, ಕಟ್ಟಿದ್ದು ತಾನಾಗಿ ಲೆಕ್ಕಕ್ಕೆ ಸೇರಬೇಕು ಅಂದರೆ ಮಾತ್ರ ಗೇಟ್‌ವೇ ಲಿಂಕ್.

ನೀವು ಕಟ್ಟುವವರಾದರೆ, ತುಂಬಿ ಬಂದ ಮೊತ್ತವನ್ನು ಹೋಟೆಲ್ ಬಿಲ್ ನೋಡಿದ ಹಾಗೆ ನೋಡಿ. ಹೆಸರು ಬ್ಯಾಂಕ್ ತೋರಿಸಿದ್ದು ಸರಿಯೇ, ಅಂಕಿ ನೀವು ಒಪ್ಪಿದ್ದೇ, ಈಗಾಗಲೇ ಒಮ್ಮೆ ಕಟ್ಟಿದ್ದೀರಾ? ಈ ಮೂರಕ್ಕೂ ಉತ್ತರ ಸಿಕ್ಕ ಮೇಲೆ ಪಿನ್.